ಅಜ್ಜನ ಕೋಟಿನ ಮೇಲೆ ಮೊಮ್ಮಗನ ಶರ್ಟು

ಗೋಡೆಯ ಮೇಲಿನ ಹಳೆಯ ಮದುವೆ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ನೋಡಿ. ಅಜ್ಜನ ಕರಿ ಕೋಟಿನ ಮೇಲೆ ನಿಮ್ಮ ಬಿಳಿ ಶರ್ಟು, ಕೈಯಲ್ಲಿನ ಫೋನು ಎರಡೂ ಮೂಡಿರುತ್ತವೆ. ಅಜ್ಜಿಯ ತಿಳಿಬಣ್ಣದ ಸೀರೆಯ ಮೇಲೆ ಮಾತ್ರ ಏನೂ ಕಾಣುವುದಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ಸಾಮಾನ್ಯ ಗಾಜು ನೂರಕ್ಕೆ ಸುಮಾರು 8 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಚಿತ್ರದ ಬಿಳಿ ಜಾಗದಲ್ಲಿ ಆ ಬೆಳಕು ಗಮನಕ್ಕೇ ಬರದು, ಕಪ್ಪು ಜಾಗದಲ್ಲಿ ಅದೇ ಎದ್ದು ಕಾಣುತ್ತದೆ. ಅಂದಮೇಲೆ ಗಾಜಿನ ಎದುರಿಗಿರುವುದನ್ನೆಲ್ಲ ಕಪ್ಪು ಮಾಡಿಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ಗಾಜು ಬಿಚ್ಚಿ ತೆಗೆದರಾಗದೇ ಎಂದು ಕೇಳಬಹುದು. ಹಳೆಯ ಪ್ರಿಂಟುಗಳು ಎಷ್ಟೋ ಸಲ ಮಳೆಗಾಲದ ತೇವಕ್ಕೆ ಗಾಜಿಗೇ ಅಂಟಿಕೊಂಡಿರುತ್ತವೆ. ಎಳೆದರೆ ಚಿತ್ರದ ಪದರವೇ ಕಿತ್ತು ಬರುತ್ತದೆ. ಗಾಜಿನ ಒಳಗೆ ಒದ್ದೆಯಾದಂತೆ ಮಿರುಗುವ ಕಲೆ ಕಂಡರೆ ಬಿಚ್ಚುವ ಯೋಚನೆ ಬಿಟ್ಟುಬಿಡಿ.

ಮೊದಲು ಫ್ರೇಮನ್ನು ಗೋಡೆಯಿಂದ ಇಳಿಸಿ. ನಮ್ಮ ಹಳೆಯ ಮನೆಗಳಲ್ಲಿ ಫೋಟೊಗಳು ಮುಂದಕ್ಕೆ ಬಾಗಿ ತೂಗುತ್ತವೆ, ಅಲ್ಲೇ ಇಟ್ಟು ನೇರವಾಗಿ ತೆಗೆಯುವುದು ಕಷ್ಟ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕಿಟಕಿ ಪಕ್ಕಕ್ಕೆ ಬರುವಂತೆ ತಿರುಗಿಸಿ. ಎದುರಿನ ಬಾಗಿಲು ಮುಚ್ಚಿ, ದೀಪ ಆರಿಸಿ, ಫ್ಲ್ಯಾಷ್ ಬೇಡವೇ ಬೇಡ. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಅದರ ಪ್ರತಿಬಿಂಬವೂ ಓರೆಯಾಗಿಯೇ ಆಚೆ ಹೋಗುತ್ತದೆ, ಲೆನ್ಸಿಗೆ ಬರುವುದಿಲ್ಲ.

ಈಗ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ. ಇಲ್ಲಿ ಪ್ರತಿಬಿಂಬವೇ ಸ್ವಲ್ಪ ಹೊತ್ತು ಉಪಕಾರಕ್ಕೆ ಬರುತ್ತದೆ: ಪರದೆಯಲ್ಲಿ ಲೆನ್ಸಿನ ಪ್ರತಿಬಿಂಬ ದೃಶ್ಯದ ನಟ್ಟನಡುವೆ ಕಂಡರೆ ಕ್ಯಾಮೆರಾ ಗಾಜಿಗೆ ನೇರವಾಗಿದೆ ಎಂದರ್ಥ. ಹಾಗೆ ಕಾಣುವತನಕ ಹೊಂದಿಸಿ, ಆಮೇಲೆ ಅದನ್ನು ಅಳಿಸುವ ಏರ್ಪಾಡು ಮಾಡಿ.

ಏರ್ಪಾಡೆಂದರೆ ಲೆನ್ಸಿನಷ್ಟೇ ತೂತಿರುವ ಕಪ್ಪು ಬಟ್ಟೆ, ಕ್ಯಾಮೆರಾದ ಮುಂದೆ ಪರದೆಯ ಹಾಗೆ. ಅಳತೆಯ ಲೆಕ್ಕ ಸುಲಭ. ಕ್ಯಾಮೆರಾ ಇರುವ ಜಾಗದಲ್ಲಿ ಗಾಜು ತೋರಿಸುವುದು ತನ್ನ ಎರಡರಷ್ಟು ಅಗಲ, ಎರಡರಷ್ಟು ಎತ್ತರದ ಜಾಗವನ್ನು. ನೀವು ಹತ್ತಿರ ನಿಂತರೂ ದೂರ ನಿಂತರೂ ಇದು ಬದಲಾಗದು. ಗಾಜು 40 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ ಇದ್ದರೆ ಬಟ್ಟೆ 80ಕ್ಕೆ 100 ಸೆಂ.ಮೀ., ಅಂಚಿಗೆಂದು ಇನ್ನೊಂದು ಗೇಣು ಸೇರಿಸಿಕೊಳ್ಳಿ. ಹೊಳೆಯುವ ಸ್ಯಾಟಿನ್, ರೇಷ್ಮೆ ಆಗದು. ಕಪ್ಪು ವೆಲ್ವೆಟ್ ಒಳ್ಳೆಯದು, ಆದರೆ ಮನೆಯಲ್ಲಿ ಕರಿ ಕಂಬಳಿ ಇದ್ದರೆ ನಾನು ಅಂಗಡಿಗೆ ಹೋಗುವುದಿಲ್ಲ. ಕಂಬಳಿಗೆ ತೂತು ಮಾಡುವ ಮನಸ್ಸಿಲ್ಲದವರು ಎರಡು ತುಂಡು ಕಪ್ಪು ಬಟ್ಟೆಯ ನಡುವಿನ ಸಂದಿಯಲ್ಲಿ ಲೆನ್ಸ್ ಇಡಬಹುದು. ಟೈಮರ್ ಹಾಕಿ ಬಟ್ಟೆಯ ಹಿಂದೆಯೇ ನಿಂತಿರಿ.

ತೆಗೆದ ಮೇಲೆ ಕೋಟು, ಕೂದಲು ಇರುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ನೀಲಿ ಛಾಯೆಯ ಲೋಹದಂಥ ಮಿರುಗು ಉಳಿದಿದ್ದು, ಬಟ್ಟೆ ಸರಿಸಿದರೂ ಅದರ ಆಕಾರ ಬದಲಾಗದಿದ್ದರೆ ಅದು ಗಾಜಿನ ತಪ್ಪಲ್ಲ. ಹಳೆಯ ಪ್ರಿಂಟಿನ ಬೆಳ್ಳಿಯೇ ಮೇಲಕ್ಕೆ ಬಂದಿದೆ. ಬೆಳಕಿನ ಓರೆ ಬದಲಿಸಿದರೆ ತುಸು ಕಡಿಮೆಯಾದೀತು.

ಪ್ರತಿಬಿಂಬ ತಗ್ಗಿಸಲೆಂದು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಲು ಹೊರಟವರಿಗೆ ಒಂದು ಮಾತು: ಅದು ಚೆನ್ನಾಗಿ ಕೆಲಸ ಮಾಡುವುದು ಗಾಜನ್ನು ತುಂಬ ಓರೆಯಿಂದ, ನೇರ ನೋಟದಿಂದ ಸುಮಾರು 55 ಡಿಗ್ರಿ ಪಕ್ಕಕ್ಕೆ ಸರಿದು ನೋಡಿದಾಗ. ಎದುರಿಗೆ ನಿಂತು ತೆಗೆದರೆ ನಿಮ್ಮ ಮುಖ ಇದ್ದಲ್ಲೇ ಇರುತ್ತದೆ.

ಇಳಿಸಲಾಗದ ದೊಡ್ಡ ಫ್ರೇಮಾದರೆ ಎರಡು ಫೋಟೊ ತೆಗೆಯಿರಿ. ಎರಡರಲ್ಲೂ ಬೆಳಕು ಒಂದೇ ಮಟ್ಟದಲ್ಲಿರುವಂತೆ ಎಕ್ಸ್‌ಪೋಶರ್ ಲಾಕ್ ಮಾಡಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿದು ತೆಗೆದರೆ ನಿಮ್ಮ ಪ್ರತಿಬಿಂಬ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. `GIMP` ತಂತ್ರಾಂಶದಲ್ಲಿ ಎರಡನ್ನೂ ಲೇಯರ್‌ಗಳಾಗಿ ತೆರೆದು, ಚಿತ್ರದ ನಾಲ್ಕು ಮೂಲೆಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲಿನ ಲೇಯರ್‌ನ ಮೋಡ್ ಅನ್ನು `Darken only` ಮಾಡಿ. ಪ್ರತಿಬಿಂಬ ಬೆಳಕನ್ನು ಸೇರಿಸೀತೇ ಹೊರತು ಕಳೆಯಲಾರದು, ಹಾಗಾಗಿ ಎರಡರಲ್ಲಿ ಕಪ್ಪಗಿರುವ ಚುಕ್ಕಿಯೇ ಅಸಲಿಗೆ ಹತ್ತಿರ. ಕಣ್ಣು, ಹುಬ್ಬಿನ ಗೆರೆಗಳು ಜೋಡಿಯಾಗಿ ಕಂಡರೆ ಮೂಲೆಗಳು ಸರಿಯಾಗಿ ಕೂತಿಲ್ಲ. ಎರಡರಲ್ಲೂ ಒಂದೇ ಕಡೆ ಬಿದ್ದಿರುವ ಬಿಳಿ ಗೋಡೆಯ ಮಬ್ಬು ಮಾತ್ರ ಇದರಿಂದ ಹೋಗದು.

ಅಂಗಡಿಯ ಶೋಕೇಸಿಗೆ ಈ ಉಪಾಯ ನಡೆಯುವುದಿಲ್ಲ. ಒಳಗಿನ ಗೊಂಬೆ ಮುಂದೆ, ಸೀರೆ ಹಿಂದೆ ಇರುವುದರಿಂದ, ನೀವು ಸರಿದರೆ ಅವೆರಡರ ನಡುವಿನ ಅಂತರವೂ ಬದಲಾಗಿ ಫೋಟೊಗಳು ಹೊಂದಿಕೊಳ್ಳವು. ಅಲ್ಲಿ ರಬ್ಬರ್ ಹುಡ್ ಹಾಕಿದ ಲೆನ್ಸನ್ನು, ಇಲ್ಲವೇ ಫೋನನ್ನೇ, ಗಾಜಿಗೆ ಒತ್ತಿ ಹಿಡಿಯಿರಿ. ಇಡೀ ಶೋಕೇಸು ಬೇಕೆಂದರೆ ಬೀದಿ ಕತ್ತಲಾಗಿ ಒಳಗಿನ ದೀಪ ಹತ್ತಿದ ಮೇಲೆ ಹೋಗಿ, ಗಾಢ ಬಣ್ಣದ ಅಂಗಿ ತೊಟ್ಟು.