ಅಂಗಡಿಯ ನೆಲದಲ್ಲಿ ಸಿಕ್ಕಿದ ಬಳೆ ಯಾರದ್ದು?

ಉಡುಪಿಯಲ್ಲಿ ನಾನು ನಡೆಸುವ ಕೇಸುಗಳಲ್ಲಿ ಹೆಚ್ಚಿನವು ಜಾಗದ್ದು. ಒಡೆತನ ಬೇರೆ, ಸ್ವಾಧೀನ ಬೇರೆ ಎಂದು ಕಕ್ಷಿಗಾರರಿಗೆ ದಿನಾ ಹೇಳುತ್ತಿರುತ್ತೇನೆ. ಆದರೆ ಜಾಗದ ಕೇಸಿನಲ್ಲಿ ಪಹಣಿ, ಕ್ರಯಪತ್ರ, ತೆರಿಗೆ ರಸೀದಿಗಳ ರಾಶಿಯಲ್ಲಿ ಆ ವ್ಯತ್ಯಾಸ ಹೂತುಹೋಗುತ್ತದೆ. ಅದು ಬಿಡಿಬಿಡಿಯಾಗಿ ಕಂಡದ್ದು ಒಂದು ಚಿನ್ನದ ಬಳೆಯ ತಕರಾರಿನಲ್ಲಿ.

ರಥಬೀದಿಯ ಹತ್ತಿರದ ಸೀರೆ ಅಂಗಡಿಗೆ ಹೋಗಿದ್ದ ಟೀಚರೊಬ್ಬರಿಗೆ ಕನ್ನಡಿಯ ಕೆಳಗೆ, ಗಿರಾಕಿಗಳು ಓಡಾಡುವ ಜಾಗದಲ್ಲಿ, ಸುಮಾರು ಎರಡು ಪವನಿನ ಬಳೆ ಸಿಕ್ಕಿತು. ಅವರು ಅದನ್ನು ಅಂಗಡಿಯ ಶೆಟ್ರ ಕೈಗೆ ಕೊಟ್ಟು, "ಕೇಳಿಕೊಂಡು ಬಂದವರಿಗೆ ಕೊಡಿ" ಎಂದು ಹೇಳಿ ಬಂದರು. ಶೆಟ್ರು ಬಾಗಿಲಲ್ಲಿ ಚೀಟಿ ಅಂಟಿಸಿದರು, ಪೇಪರಿನಲ್ಲಿ ಸಣ್ಣ ಜಾಹೀರಾತನ್ನೂ ಕೊಟ್ಟರು. ತಿಂಗಳುಗಳು ಕಳೆದರೂ ಯಾರೂ ಬರಲಿಲ್ಲ. ಆಗ ಟೀಚರ್ ಬಳೆಯನ್ನು ವಾಪಸ್ ಕೇಳಿದರು, ಶೆಟ್ರು ಕೊಡಲಿಲ್ಲ. ಇಬ್ಬರಿಗೂ ಕೋರ್ಟಿಗೆ ಹೋಗುವ ಮನಸ್ಸಿರಲಿಲ್ಲ. ಇಬ್ಬರೂ ಪರಿಚಯದವರಾದ್ದರಿಂದ ಒಟ್ಟಿಗೇ ನನ್ನ ಆಫೀಸಿಗೆ ಬಂದರು.

"ವಕೀಲ್ರೇ, ಅಂಗಡಿ ನನ್ನದು, ನೆಲ ನನ್ನದು. ಅದರ ಮೇಲೆ ಬಿದ್ದದ್ದು ಇವರದ್ದು ಹೇಗಾಗ್ತದೆ?" ಎಂದರು ಶೆಟ್ರು.

"ನಾನು ಕೊಡದಿದ್ದರೆ ನಿಮಗೆ ಅದು ಬಿದ್ದದ್ದೇ ಗೊತ್ತಾಗ್ತಿರಲಿಲ್ಲ ಅಲ್ವಾ ಶೆಟ್ರೇ?" ಎಂದರು ಟೀಚರ್.

ತಕರಾರಿನ ತಿರುಳು ಟೀಚರ ಆ ಪ್ರಶ್ನೆಯಲ್ಲೇ ಇತ್ತು. ಮೊದಲು ನಾನು ಹೇಳಿದ್ದು, ಬಳೆಯ ಒಡತಿ ಈ ಕೋಣೆಯಲ್ಲಿ ಇಲ್ಲ ಎಂದು. ಕೈಯಿಂದ ಜಾರಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ಹೋಗುವುದು ಸ್ವಾಧೀನ ಮಾತ್ರ. ಹಾಗಾಗಿ ಇವರಿಬ್ಬರ ನಡುವೆ ಉಳಿದದ್ದು ಒಂದೇ ಪ್ರಶ್ನೆ: ಒಡತಿ ಬರುವ ತನಕ ಅದನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೆ ಹೆಚ್ಚು?

ಇದಕ್ಕೆ ಇಂಗ್ಲೆಂಡಿನ ಎರಡು ಹಳೆಯ ತೀರ್ಪುಗಳನ್ನು ಅವರಿಗೆ ಬಿಡಿಸಿ ಹೇಳಿದೆ. ಅವು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಇಲ್ಲಿ ಕಾನೂನು ಓದಿದವರೆಲ್ಲ ಈ ವಿಷಯ ಕಲಿಯುವುದು ಅವುಗಳಿಂದಲೇ. 1722ರ ಆರ್ಮರಿ ಕೇಸಿನಲ್ಲಿ ಹೊಗೆಗೂಡು ಗುಡಿಸುವ ಹುಡುಗನಿಗೆ ಒಂದು ಆಭರಣ ಸಿಗುತ್ತದೆ. ಬೆಲೆ ಕೇಳಲು ಅಕ್ಕಸಾಲಿಗನ ಅಂಗಡಿಗೆ ಕೊಟ್ಟರೆ ಅಲ್ಲಿ ಹರಳನ್ನು ಕಿತ್ತು ಇಟ್ಟುಕೊಳ್ಳುತ್ತಾರೆ. ಹುಡುಗ ಮಾಲೀಕನಲ್ಲದಿದ್ದರೂ ನಿಜವಾದ ಮಾಲೀಕನೊಬ್ಬನನ್ನು ಬಿಟ್ಟು ಉಳಿದೆಲ್ಲರ ಎದುರು ಅವನ ಹಕ್ಕು ನಿಲ್ಲುತ್ತದೆ ಎಂದಿತು ಕೋರ್ಟು. ಇನ್ನೊಂದು 1851ರ ಬ್ರಿಜಸ್ ಕೇಸು, ಹೆಚ್ಚುಕಮ್ಮಿ ನಮ್ಮದೇ. ಅಂಗಡಿಯ ನೆಲದಲ್ಲಿ ನೋಟಿನ ಕಟ್ಟು ಸಿಕ್ಕಿದವನು ಅದನ್ನು ಅಂಗಡಿಯವನಿಗೆ ಒಪ್ಪಿಸಿದ. ಜಾಹೀರಾತು ಕೊಟ್ಟರೂ ವರ್ಷಗಟ್ಟಲೆ ಯಾರೂ ಬರಲಿಲ್ಲ. ಜಾಹೀರಾತಿನ ಖರ್ಚು ಕೊಡುತ್ತೇನೆ, ನೋಟು ಕೊಡು ಎಂದು ಸಿಕ್ಕಿದವನು ಕೇಳಿದ, ಅಂಗಡಿಯವನು ಒಪ್ಪಲಿಲ್ಲ. ಕೇಸು ಗೆದ್ದದ್ದು ಸಿಕ್ಕಿದವನು. ನೋಟು ಅಲ್ಲಿ ಬಿದ್ದಿದೆ ಎಂದೇ ತಿಳಿಯದ ಅಂಗಡಿಯವನ ವಶದಲ್ಲಿ ಅದು ಯಾವತ್ತೂ ಇರಲಿಲ್ಲ.

ಇಷ್ಟು ಕೇಳಿದ ಕೂಡಲೇ ಟೀಚರ್ ಗೆದ್ದರು ಎಂದುಕೊಳ್ಳಬಾರದು. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗಿ ಜಾಗ ನೋಡಿದೆ. ಬಳೆ ಸಿಕ್ಕಿದ್ದು ಕೌಂಟರಿನ ಒಳಗಾಗಿದ್ದರೆ, ಅಥವಾ ಗುಡಿಸುವಾಗ ಕೆಲಸದ ಹುಡುಗಿಗೆ ಸಿಕ್ಕಿದ್ದರೆ, ಶೆಟ್ರ ಪಕ್ಷವೇ ಬಲವಾಗುತ್ತಿತ್ತು. ಗಿರಾಕಿಯೊಬ್ಬರು ಕೌಂಟರಿನ ಮೇಲೆ ಪರ್ಸು ಮರೆತು ಹೋಗಿ, ಶೆಟ್ರು ಅದನ್ನು ತೆಗೆದಿಟ್ಟಿದ್ದರೆ ಆ ಪರ್ಸು ಶೆಟ್ರ ಸ್ವಾಧೀನದಲ್ಲಿದೆ. ಅದನ್ನು ಎತ್ತಿಕೊಂಡು ಹೋದವನ ಮೇಲೆ ಕಳ್ಳತನದ ಕೇಸೇ ಆಗುತ್ತದೆ. ಯಾರ ವಶದಲ್ಲೂ ಇಲ್ಲದ ವಸ್ತುವನ್ನು ಹೆಕ್ಕಿದರೆ ಕಳ್ಳತನ ಆಗುವುದಿಲ್ಲ, ಏಕೆಂದರೆ ಕಳ್ಳತನ ಎಂದರೆ ಇನ್ನೊಬ್ಬರ ಸ್ವಾಧೀನದಿಂದ ತೆಗೆಯುವುದು. ಇಲ್ಲಿ ಕನ್ನಡಿ ಇದ್ದದ್ದು ಯಾರು ಬೇಕಾದರೂ ಬಂದು ಹೋಗುವ ಕಡೆ. ಬಿದ್ದ ವಸ್ತುಗಳ ಬಗ್ಗೆ ಅಂಗಡಿಯಲ್ಲಿ ಯಾವ ನಿಯಮವೂ ಬೋರ್ಡೂ ಇರಲಿಲ್ಲ. ಶೆಟ್ರ ಕೈಗೆ ಬಳೆ ಬಂದದ್ದೇ ಟೀಚರ ಮಾತಿನ ಮೇಲೆ. ಶೆಟ್ರಿಗಿಂತ ಟೀಚರ ಹಕ್ಕು ಮೇಲು ಎಂಬುದು ನನ್ನ ಅಭಿಪ್ರಾಯವಾಗಿತ್ತು, ಹಾಗೆಂದೇ ಹೇಳಿದೆ.

ಆದರೆ ಆ ಮೇಲಿನ ಹಕ್ಕೂ ಹೊಣೆಯ ಜೊತೆಗೇ ಬರುತ್ತದೆ. ಕರಾರು ಕಾಯ್ದೆ, 1872ರ 71ನೇ ಕಲಂ ಪ್ರಕಾರ ಇನ್ನೊಬ್ಬರ ವಸ್ತು ಸಿಕ್ಕಿ ಅದನ್ನು ತೆಗೆದುಕೊಂಡವರು, ನಂಬಿ ಒಪ್ಪಿಸಿದ ವಸ್ತುವನ್ನು ಇಟ್ಟುಕೊಂಡವರಷ್ಟೇ ಜವಾಬ್ದಾರರು. ತನ್ನ ಸ್ವಂತದ ಬಳೆಯನ್ನು ವಿವೇಕವಿರುವ ಮನುಷ್ಯ ಹೇಗೆ ಜೋಪಾನ ಮಾಡುತ್ತಾನೋ ಹಾಗೆ ಮಾಡಬೇಕು. ಮಾರಲು 169ನೇ ಕಲಂ ಅವಕಾಶ ಕೊಡುವುದು ಬಹಳ ಇಕ್ಕಟ್ಟಾದ ಸಂದರ್ಭದಲ್ಲಿ: ಪ್ರಯತ್ನಪಟ್ಟರೂ ಮಾಲೀಕ ಸಿಗದೆ, ಅಥವಾ ಸಿಕ್ಕಿದರೂ ನ್ಯಾಯವಾದ ಖರ್ಚು ಕೊಡದೆ, ಜೊತೆಗೆ ವಸ್ತು ಹಾಳಾಗುವ ಅಥವಾ ಬೆಲೆಯ ಹೆಚ್ಚಿನ ಪಾಲು ಕಳೆದುಕೊಳ್ಳುವ ಅಪಾಯವಿದ್ದರೆ, ಇಲ್ಲವೇ ಖರ್ಚೇ ಬೆಲೆಯ ಮೂರನೇ ಎರಡು ಭಾಗ ಮುಟ್ಟಿದರೆ. ಮಲ್ಪೆ ದಾರಿಯಲ್ಲಿ ಸಿಕ್ಕಿದ ಮೀನಿನ ಬುಟ್ಟಿಗೆ ಇದು ಹೊಂದುತ್ತದೆ, ಚಿನ್ನಕ್ಕೆ ಹೊಂದುವುದಿಲ್ಲ.

ಕ್ರಿಮಿನಲ್ ಕಾನೂನಿನ ಭಾಗವನ್ನು ಟೀಚರಿಗೆ ನಿಧಾನವಾಗಿ ವಿವರಿಸಿದೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ, ಮಾಲೀಕರಿಗೆ ಮುಟ್ಟಿಸಲೆಂದು ಎತ್ತಿಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಮಾಲೀಕರನ್ನು ಪತ್ತೆ ಮಾಡುವ ದಾರಿ ಇದ್ದೂ, ಅಥವಾ ಪತ್ತೆಗೆ ಸಾಕಷ್ಟು ಪ್ರಯತ್ನಿಸದೆ, ಅವರು ಬಂದು ಕೇಳಲು ಸಮಯ ಕೊಡದೆ ತನ್ನದಾಗಿಸಿಕೊಂಡರೆ ಅದು ಅಪರಾಧ. ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಸಜೆ, ಜೊತೆಗೆ ದಂಡ. ಎಷ್ಟು ಪ್ರಯತ್ನ ಸಾಕು ಎಂದು ಕಾಯ್ದೆ ಲೆಕ್ಕ ಹಾಕಿ ಹೇಳುವುದಿಲ್ಲ, ಅದು ಆಯಾ ಸಂದರ್ಭಕ್ಕೆ ಬಿಟ್ಟದ್ದು.

ಅಲ್ಲೇ ನನಗೆ ಮುಂದಿನ ದಾರಿ ಹೊಳೆದದ್ದು. ಚೀಟಿ, ಜಾಹೀರಾತು ಒಂದು ಕಾಲಕ್ಕೆ ಸಾಕಾಗಿತ್ತು. ಈಗ ಹಾಲ್‌ಮಾರ್ಕ್ ಇರುವ ಒಡವೆಗೆ ಎಚ್‌ಯುಐಡಿ ಎಂಬ, ಆರು ಅಕ್ಷರ-ಅಂಕೆಗಳ ಗುರುತಿನ ಸಂಖ್ಯೆ ಇರುತ್ತದೆ. ಬಳೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ತುಸು ಸವೆದಿದ್ದರೂ ಓದಲು ಬರುವಂತಿತ್ತು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಕೊಂಡವರ ಹೆಸರು ಬರುವುದಿಲ್ಲ, ಹಾಲ್‌ಮಾರ್ಕ್ ಮಾಡಿಸಿದ ಆಭರಣದ ಅಂಗಡಿಯ ವಿವರ ಬರುತ್ತದೆ. ನಾವು ಮೂವರೂ ಆ ಅಂಗಡಿಗೆ ಹೋದೆವು. ಅವರು ಗಿರಾಕಿಯ ಹೆಸರು ಕೊಡಲಿಲ್ಲ, ಕೊಡಬಾರದು ಕೂಡ. ತಮ್ಮ ಬಿಲ್ಲು ನೋಡಿ ತಾವೇ ಫೋನ್ ಮಾಡಿದರು.

ಬಂದವರು ಕಾಪು ಕಡೆಯ ಅಜ್ಜಿ, ಮಗಳ ಜೊತೆ. ಬಳೆ ತೋರಿಸುವ ಮೊದಲು ತೂಕ, ವಿನ್ಯಾಸ, ಕೊಂಡಿಯ ಗುರುತು ಕೇಳಿದೆ. ಕೊಂಡಿಯ ತಿರುಪು ಸಡಿಲವಿತ್ತು, ರಿಪೇರಿಗೆ ಕೊಡಬೇಕೆಂದಿದ್ದೆ ಎಂದರು ಅಜ್ಜಿ. ಬಿಲ್ಲೂ ಹೊಂದಿತು. ಶೆಟ್ರ ಜಾಹೀರಾತಿನಲ್ಲಿ ಈ ಗುರುತುಗಳು ಬಂದಿರಲಿಲ್ಲ, ಅದು ಬಹಳ ಉಪಕಾರವಾಯಿತು.

ಖರ್ಚಿನ ಮಾತು ಬಂದಾಗ ಕರಾರು ಕಾಯ್ದೆಯ 168ನೇ ಕಲಂ ಓದಿ ಹೇಳಿದೆ. ಸಿಕ್ಕಿದವರು ವಸ್ತು ಕಾಪಾಡಲು, ಮಾಲೀಕರನ್ನು ಹುಡುಕಲು ಪಟ್ಟ ಶ್ರಮಕ್ಕೂ ಖರ್ಚಿಗೂ ದಾವೆ ಹಾಕುವಂತಿಲ್ಲ. ಆದರೆ ಅದು ಸಿಗುವ ತನಕ ವಸ್ತುವನ್ನು ತಡೆದಿಟ್ಟುಕೊಳ್ಳಬಹುದು. ಮಾಲೀಕರೇ ಇಂತಿಷ್ಟು ಬಹುಮಾನ ಎಂದು ಘೋಷಿಸಿದ್ದರೆ ಅದಕ್ಕೆ ದಾವೆ ಹಾಕಬಹುದು. ಇಲ್ಲಿ ಬಹುಮಾನದ ಘೋಷಣೆ ಇರಲಿಲ್ಲ. ಅಜ್ಜಿ ಜಾಹೀರಾತಿನ ಹಣವನ್ನು ಶೆಟ್ರಿಗೆ ಕೊಟ್ಟರು, ಟೀಚರ್ ಏನೂ ಬೇಡ ಎಂದರು.

ಎಚ್‌ಯುಐಡಿ ಇಲ್ಲದ ಹಳೆಯ ಒಡವೆಯಾದರೆ ಠಾಣೆಗೆ ಒಪ್ಪಿಸಿ ಎನ್ನುತ್ತೇನೆ. ಒಪ್ಪಿಸುವಾಗ ಯಾರಿಗೆ, ಯಾವ ದಿನ, ಯಾವ ಜಾಗದಲ್ಲಿ ಸಿಕ್ಕಿತು, ತೂಕವೆಷ್ಟು ಎಂದು ಬರೆದು ಸಹಿ, ಸೀಲು ಹಾಕಿದ ರಸೀದಿ ಪಡೆಯಬೇಕು. ಅಂಗಡಿಯವರಿಗೆ ಕೊಟ್ಟರೂ ಹಾಗೆಯೇ. ಟೀಚರ ಹತ್ತಿರ ಅಂಥ ಚೀಟಿ ಇರಲಿಲ್ಲ. ಕೊಟ್ಟದ್ದು ಅವರೇ ಎಂದು ಶೆಟ್ರು ಒಪ್ಪಿಕೊಂಡದ್ದರಿಂದ ಮಾತ್ರ ನನ್ನ ಕೆಲಸ ಸುಲಭವಾಯಿತು.