ಸೇತುವೆ ಮುರಿದರೂ ನಿಲ್ಲದ ಆರ್ಡರ್ ಬರೆಯುವುದು ಹೇಗೆ?

ಸೇನೆಯಲ್ಲಿ ಆರ್ಡರ್ ಅಂದರೆ ಮೇಲಿನವರು ಕೂಗಿ ಹೇಳುವ ಮಾತು ಅಂತ ಸಿನಿಮಾ ನೋಡಿದವರಿಗೆ ಅನಿಸುತ್ತದೆ. ನಿಜಕ್ಕೂ ಅದರ ಹಿಂದೆ ಕಮಾಂಡರ್‌ಗೆ ಯೋಜನೆ ಮಾಡಿಕೊಡುವ ಸ್ಟಾಫ್ ಆಫೀಸರ್‌ಗಳ ಗಂಟೆಗಟ್ಟಲೆ ಕೆಲಸ ಇರುತ್ತದೆ. ಒಂದು ಕಾಲ್ಪನಿಕ ಬೆಟಾಲಿಯನ್ ಇಟ್ಟುಕೊಂಡು ನೋಡೋಣ.

ಸಂಜೆ 6ಕ್ಕೆ ಮೇಲಿನಿಂದ ಆದೇಶ ಬಂತು. ಬೆಳಿಗ್ಗೆ 6ಕ್ಕೆ ಹೊರಡಬೇಕು. ಮೊದಲು ಮಾಡಬೇಕಾದ್ದು ಸಮಯ ಹಂಚುವುದು. ಮೂರನೇ ಒಂದು ಭಾಗ ಮಾತ್ರ ತಮಗೆ, ಉಳಿದದ್ದು ಕೆಳಗಿನವರಿಗೆ ಅನ್ನುವುದು ಹಳೆಯ ನಿಯಮ. ಅಂದರೆ ರಾತ್ರಿ 10ಕ್ಕೆ ಆರ್ಡರ್ ಕೆಳಗಿನವರ ಕೈ ಸೇರಬೇಕು. ಅದಕ್ಕೂ ಮೊದಲೇ ನಾಲ್ಕು ಸಾಲಿನ ವಾರ್ನಿಂಗ್ ಆರ್ಡರ್ ಹೋಗುತ್ತದೆ. ಜವಾನರು ಮದ್ದುಗುಂಡು ತುಂಬಿಕೊಂಡು, ಸಾಧ್ಯವಾದರೆ ನಿದ್ದೆಯನ್ನೂ ಮಾಡಲಿ ಅಂತ.

ಆಮೇಲೆ ಗುಪ್ತಚರ ಅಧಿಕಾರಿ ಶತ್ರು ಎಲ್ಲಿದ್ದಾನೆ, ನೆಲ ಹೇಗಿದೆ ನೋಡುತ್ತಾನೆ. ಇನ್ನೊಬ್ಬ ಇಂಧನ, ಗಾಯಾಳು ಸಾಗಣೆ ಲೆಕ್ಕ ಹಾಕುತ್ತಾನೆ. ಇದೆಲ್ಲ ಐದು ಪ್ಯಾರಾಗಳಲ್ಲಿ ಕೂರುತ್ತದೆ: ಪರಿಸ್ಥಿತಿ, ಗುರಿ, ಕಾರ್ಯಾಚರಣೆ, ಸರಬರಾಜು, ಕಮಾಂಡ್ ಮತ್ತು ಸಂಪರ್ಕ.

ಜೀವ ಇರುವುದು ಎರಡನೆಯದರಲ್ಲಿ. ‘8 ಗಂಟೆಯೊಳಗೆ ಸೇತುವೆ ಹಿಡಿಯಿರಿ’ ಅಂತ ನಿಲ್ಲಿಸಬಾರದು. ‘ಹಿಂದೆ ಬರುವ ಟ್ಯಾಂಕ್‌ಗಳು ನದಿ ದಾಟುವಂತಾಗಲು’ ಅನ್ನುವ ಅರ್ಧ ಸಾಲು ಸೇರಿಸಬೇಕು. ಏನು, ಯಾಕೆ ಅಂತ ಹೇಳಿ, ಹೇಗೆ ಅನ್ನುವುದನ್ನು ಕೆಳಗಿನವರಿಗೆ ಬಿಡುವ ಮಿಷನ್ ಕಮಾಂಡ್ ಪದ್ಧತಿ ನಿಂತಿರುವುದೇ ಈ ಅರ್ಧ ಸಾಲಿನ ಮೇಲೆ.

7ಕ್ಕೆ ಪ್ಲಟೂನ್ ಹೋಗಿ ನೋಡಿದರೆ ಸೇತುವೆ ಸ್ಫೋಟವಾಗಿದೆ. ಮೊದಲ ಅರ್ಧ ಮಾತ್ರ ಗೊತ್ತಿದ್ದ ಲೆಫ್ಟಿನೆಂಟ್ ಮುರಿದ ಕಂಬಗಳನ್ನು ಕಾಯುತ್ತಾ ಕೂರುತ್ತಾನೆ. ಎರಡೂ ಗೊತ್ತಿದ್ದವನು ದಡದುದ್ದಕ್ಕೂ ಹುಡುಕುತ್ತಾನೆ. ನದಿ ಹರಿದುಬರುವ ದಿಕ್ಕಿನಲ್ಲಿ 2 ಕಿ.ಮೀ. ಹೋದರೆ ನೀರು ಮೊಣಕಾಲುದ್ದ, ತಳದಲ್ಲಿ ಗಟ್ಟಿ ಜಲ್ಲಿ, ದಡವೂ ಅಷ್ಟು ಕಡಿದಾಗಿಲ್ಲ. ಆಚೆ ದಡ ಹಿಡಿದು ರೇಡಿಯೊದಲ್ಲಿ ತಿಳಿಸುತ್ತಾನೆ.

ಹಾಗಂತ ಮನಸ್ಸಿಗೆ ಬಂದಂತೆ ಓಡಾಡುವಂತಿಲ್ಲ. ನಕ್ಷೆಯ ಮೇಲೆ ಎಳೆದ ಗಡಿಗೆರೆ ದಾಟಿದರೆ ಪಕ್ಕದ ಕಂಪನಿಯ ಗುಂಡೋ, ನಮ್ಮದೇ ಫಿರಂಗಿಯ ಶೆಲ್ಲೋ ಬೀಳಬಹುದು. ಆ ಜಾಗ ಗೆರೆಯಾಚೆ ಇದ್ದರೆ ಮೊದಲು ಕೇಳಬೇಕು, ಆಮೇಲೆ ಕಾಲಿಡಬೇಕು. ಸ್ಟಾಫ್ ಈ ಗೆರೆಗಳನ್ನು ಸರಿಯಾಗಿ ಎಳೆದಿದ್ದರೆ ತಾನು ಎಲ್ಲಿವರೆಗೆ ಹೋಗಬಹುದು ಅನ್ನುವುದು ಕಿರಿಯನಿಗೆ ಕೇಳದೆಯೇ ಗೊತ್ತಿರುತ್ತದೆ.

ಆರ್ಡರ್ ಅರ್ಥವಾಯಿತಾ ಅಂತ ತಿಳಿಯಲು ಬ್ಯಾಕ್ ಬ್ರೀಫ್ ಕೇಳುತ್ತಾರೆ. ಕಿರಿಯ ಅಧಿಕಾರಿ ತನ್ನ ಪ್ಲಾನನ್ನು ತನ್ನದೇ ಮಾತಲ್ಲಿ ಹೇಳಬೇಕು. ಆರ್ಡರಿನ ಸಾಲುಗಳನ್ನೇ ಗಿಳಿಪಾಠ ಒಪ್ಪಿಸಿದರೆ ಅನುಮಾನ ಪಡಿ. ‘ಸೇತುವೆ ಇಲ್ಲ ಅಂದ್ರೆ ಏನ್ಮಾಡ್ತೀಯ?’ ಅಂತ ಕೇಳಿ. ಉತ್ತರ ಬರದಿದ್ದರೆ ತಪ್ಪು ಅವನದೇ ಇರಬೇಕಿಲ್ಲ. ‘ಶತ್ರುವನ್ನು ಸದೆಬಡಿಯಿರಿ’ ಎಂಬಂಥ ಉದ್ದೇಶ ಬರೆದಿದ್ದರೆ ಯಾರು ತಾನೇ ಏನು ಹೇಳಿಯಾರು, ಅಲ್ವಾ?

ಇತ್ತ ರೇಡಿಯೊ ಸುದ್ದಿ ಬಂದೊಡನೆ ಸ್ಟಾಫ್ ಇಡೀ ಆರ್ಡರ್ ತಿರುಗಿ ಬರೆಯುವುದಿಲ್ಲ. ಟ್ಯಾಂಕ್‌ಗಳ ದಾರಿ, ಫಿರಂಗಿಯ ಗುರಿ, ಗಾಯಾಳುಗಳನ್ನು ಒಯ್ಯುವ ಜಾಗ, ಈ ಬದಲಾದ ಮೂರನ್ನಷ್ಟೇ ಬರೆದು ಕಳಿಸುತ್ತದೆ.