ಉರ್ದು ಬೋರ್ಡಿನ ಫೋಟೊ: ಅನುವಾದಕ್ಕೆ ಮೊದಲು ಕಿವಿಗೆ ಕೇಳಿಸಿ

ಶಿವಾಜಿನಗರದ ರಸೆಲ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿ. ಬಟ್ಟೆ ಅಂಗಡಿಯ ಹಳೆಯ ಬೋರ್ಡಿನಲ್ಲಿ ಬರೀ ಉರ್ದು ಇತ್ತು. ಫೋಟೊ ತೆಗೆದು ಅನುವಾದದ ಆ್ಯಪ್‌ಗೆ ಕೊಟ್ಟೆ. 'ಕೋಳಿಯ ಕುರ್ತಾಗಳು' ಎಂದು ಬಂತು. ಅಂಗಡಿಯೊಳಗೆ ನೇತಾಡುತ್ತಿದ್ದದ್ದು ಲಕ್ನೋ ಕಸೂತಿಯ ಬಿಳಿ ಕುರ್ತಾಗಳು. ಆ ಕಸೂತಿಯ ಹೆಸರು ಚಿಕನ್. ತಿನ್ನುವ ಚಿಕನ್ನಿಗೂ ಉರ್ದುವಿನಲ್ಲಿ ಅದೇ ಮೂರು ಅಕ್ಷರ: ಚೆ, ಕಾಫ್, ನೂನ್. ಬರವಣಿಗೆಯೂ ಒಂದೇ, ಉಚ್ಚಾರವೂ ಒಂದೇ. ಆ್ಯಪ್ ಪಾಪ ಏನು ಮಾಡೀತು!

ಇಂಥ ಬೋರ್ಡನ್ನು ನಾನು ಈಗ ಓದುವ ಕ್ರಮ ಹೀಗಿದೆ.

1. ಫೋಟೊ

ಬೋರ್ಡಿಗೆ ನೇರ ಎದುರು ನಿಂತು ತೆಗೆಯಿರಿ. ಪಕ್ಕದಿಂದ ಓರೆಯಾಗಿ ತೆಗೆದರೆ ಉರ್ದುವಿಗೆ ಜಾಸ್ತಿ ಪೆಟ್ಟು. ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ನಸ್ತಾಲೀಖ್ ಶೈಲಿ. ಅದರಲ್ಲಿ ಪ್ರತಿ ಪದವೂ ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಜಾರುತ್ತದೆ, ಅಕ್ಷರಗಳು ಒಂದರ ಮೇಲೊಂದು ಕೂರುತ್ತವೆ. ಮೊದಲೇ ಓರೆ ಇರುವ ಬರಹ ಇನ್ನೂ ಓರೆಯಾದರೆ ಯಂತ್ರಕ್ಕೆ ಸಾಲು ಎಲ್ಲಿ, ಪದ ಎಲ್ಲಿ ಮುಗಿಯಿತು ಅನ್ನೋದೇ ತಿಳಿಯುವುದಿಲ್ಲ.

ಬೋರ್ಡಿನಲ್ಲಿ ಕನ್ನಡದ ಸಾಲೂ ಇದ್ದರೆ ಅದನ್ನೂ ಸೇರಿಸಿ ಇನ್ನೊಂದು ಫೋಟೊ ಇಟ್ಟುಕೊಳ್ಳಿ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮದಿಂದ ಈಗ ಬಹಳ ಕಡೆ ಮೇಲೆ ಕನ್ನಡ, ಕೆಳಗೆ ಬೇರೆ ಭಾಷೆ ಸಿಗುತ್ತದೆ. ಅಂಗಡಿಯ ಹೆಸರು ಯಾವುದು, ಸಾಮಾನು ಯಾವುದು ಅಂತ ಬೇರೆ ಮಾಡಲು ಅದೇ ಸಾಕು.

2. ಅನುವಾದ ಬೇಡ, ಅಕ್ಷರ ಎತ್ತಿಕೊಳ್ಳಿ

ಗೂಗಲ್ ಲೆನ್ಸ್‌ನಲ್ಲಿ ಫೋಟೊ ತೆರೆದಾಗ ಕೈ ನೇರ Translate ಕಡೆಗೆ ಹೋಗುತ್ತದೆ. ಹೋಗಬಾರದು. ಅನುವಾದ ಮೂಲದ ಮೇಲೆಯೇ ಅಂಟಿಕೊಂಡು ಕೂರುತ್ತದೆ, ಯಂತ್ರ ಯಾವ ಅಕ್ಷರ ಓದಿತು ಅಂತ ಕಾಣುವುದಿಲ್ಲ. ಬದಲಿಗೆ ಪದಗಳನ್ನು ಆರಿಸಿ Copy ಮಾಡಿ, ಅನುವಾದದ ಆ್ಯಪ್‌ನಲ್ಲಿ ಅಂಟಿಸಿ. ಭಾಷೆಯನ್ನು ನೀವೇ ಉರ್ದು ಎಂದು ಆರಿಸಿ. ಅರೇಬಿಕ್, ಫಾರ್ಸಿ, ಉರ್ದು ಮೂರರ ಲಿಪಿಗೂ ಬುಡ ಒಂದೇ. ಒಂದೆರಡೇ ಪದವಿದ್ದರೆ ಯಂತ್ರ ಭಾಷೆಯನ್ನೇ ತಪ್ಪಾಗಿ ಊಹಿಸಬಹುದು. ನಿಮಗೇ ಅನುಮಾನವಿದ್ದರೆ ಅಕ್ಷರದ ತಲೆಯ ಮೇಲೆ ಪುಟ್ಟ ಗಂಟಿನಂಥ ಗುರುತು ಇದೆಯಾ ನೋಡಿ. ಅದು ಟ, ಡ ಥರದ ಸದ್ದಿನ ಗುರುತು. ಅರೇಬಿಕ್, ಫಾರ್ಸಿಗಳಲ್ಲಿ ಅದು ಇಲ್ಲ.

3. ಚುಕ್ಕಿ ಎಣಿಸಿ

ಲಿಪಿ ಬಾರದವರೂ ಮಾಡಬಹುದಾದ ಕೆಲಸ ಇದು. ಅಂಟಿಸಿದ ಪದವನ್ನೂ ಬೋರ್ಡನ್ನೂ ಪಕ್ಕಪಕ್ಕ ಇಟ್ಟು ಚುಕ್ಕಿ ಎಣಿಸಿ. ಉರ್ದುವಿನಲ್ಲಿ ಎಷ್ಟೋ ಅಕ್ಷರಗಳಿಗೆ ಮೈ ಒಂದೇ, ಚುಕ್ಕಿ ಮಾತ್ರ ಬೇರೆ. ಒಂದು ಚುಕ್ಕಿ ಇದ್ದರೆ ಜ, ಮೂರು ಇದ್ದರೆ ಚ. ಕೈಯಿಂದ ಬರೆದ ಬೋರ್ಡಿನಲ್ಲಿ ಮೂರು ಚುಕ್ಕಿ ಕಲೆತು ಒಂದೇ ಬೊಟ್ಟಾಗಿರುತ್ತವೆ. ಆಗ 'ಚಾಯ್' ಹೋಗಿ 'ಜಾಯೆ' ಆಗುತ್ತದೆ. ಟೀ ಅಂಗಡಿಯ ಬೋರ್ಡಿನ ಅನುವಾದದಲ್ಲಿ ಹೋಗುವ ಬರುವ ಮಾತು ಕಂಡರೆ ಚುಕ್ಕಿ ತಪ್ಪಿದೆ ಅಂತಲೇ ಲೆಕ್ಕ. ಫೋನಿನ ಕೀಬೋರ್ಡಿಗೆ ಉರ್ದು ಸೇರಿಸಿಕೊಂಡರೆ ಅದೊಂದು ಅಕ್ಷರ ನೀವೇ ತಿದ್ದಬಹುದು.

4. ಸ್ಪೀಕರ್ ಒತ್ತಿ

ನನ್ನ ಪ್ರಕಾರ ನಿಜವಾದ ಉಪಾಯ ಇದು. ಅನುವಾದ ಓದುವ ಮೊದಲು ಮೂಲ ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿ ಕೇಳಿ. ಅಂಗಡಿ ಬೋರ್ಡಿನಲ್ಲಿ ಅಪ್ಪಟ ಉರ್ದು ಎಷ್ಟಿರುತ್ತದೆ ಹೇಳಿ? ಟೇಲರ್ಸ್, ಬೇಕರಿ, ಮಟನ್, ಮೊಬೈಲ್, ಜೊತೆಗೆ ಮಾಲೀಕರ ಹೆಸರು. ಕೇಳಿದರೆ ಯಾರಿಗಾದರೂ ಗೊತ್ತಾಗುವ ಪದಗಳು ಅಲ್ವಾ? ಸಾಮಾನ್ಯವಾಗಿ ಹ್ರಸ್ವ ಸ್ವರಗಳನ್ನು ಬರೆಯದ ಕಾರಣ ಯಂತ್ರ ಆಗಾಗ ಎಡವುತ್ತದೆ. ಮಟನ್ ಬರೆಯಲು ಮ, ಟ, ನ ಇಷ್ಟೇ. 'ಮಿಟನ್' ಅಂದರೂ ನಿಮ್ಮ ಕಿವಿ ತಿದ್ದಿಕೊಳ್ಳುತ್ತದೆ.

ನನ್ನ ಕುರ್ತಾ ಬೋರ್ಡು ಕೂಡ 'ಚಿಕನ್ ಕೆ ಕುರ್ತೆ' ಅಂತ ಕೇಳಿಸಿದ ಕೂಡಲೇ ಸರಿಹೋಯಿತು. ಆದರೂ ಅನುಮಾನವಿದ್ದರೆ ಪೂರ್ತಿ ಸಾಲನ್ನು ಅಂಟಿಸಿ ಚಿತ್ರಗಳನ್ನು ಹುಡುಕಿ. ಬರೀ ಚಿಕನ್ ಹಾಕಿದರೆ ತಂದೂರಿ ಬಂದೀತು, ಕುರ್ತೆ ಸೇರಿಸಿ.

5. ನಂಬರ್

ಹಳೆಯ ಬೋರ್ಡಿನಲ್ಲಿ ಅಂಕಿಗಳೂ ಉರ್ದುವಿನಲ್ಲಿ ಇದ್ದರೆ ಎರಡು ನೆನಪಿಡಿ. ಚುಕ್ಕಿಯಂತೆ ಕಾಣುವುದು ಸೊನ್ನೆ, ತಲೆಕೆಳಗಾದ ಹೃದಯದಂತೆ ಕಾಣುವುದು ಐದು. ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರೂ ಅಂಕಿಗಳನ್ನು ನಮ್ಮ ಹಾಗೆಯೇ ಎಡದಿಂದ ಬಲಕ್ಕೆ ಓದಬೇಕು. ಅದನ್ನು ಮರೆತು 15ನೇ ನಂಬರ್ ಅಂಗಡಿಯನ್ನು ಹುಡುಕುತ್ತಾ 51ರ ತನಕ ನಡೆದವನು ನಾನೇ.